‘ಹೈ ರಿಸ್ಕ್’ ಅಂದರೆ ಕಾಯಿಲೆ ಇದೆ ಅಂತಲ್ಲ

ಡಬಲ್ ಮಾರ್ಕರ್ ರಿಪೋರ್ಟಿನಲ್ಲಿ ‘ಹೈ ರಿಸ್ಕ್’ ಎಂದು ಕಂಡೊಡನೆ, ಮಗು ಸರಿಯಿಲ್ಲ, ತೆಗೆಸಿಬಿಡೋಣ ಎಂದು ಹೊರಟುಬಿಡುವ ಮನೆಯವರನ್ನು ಕಂಡಿದ್ದೇನೆ. ಆ ಹಾಳೆ ಹಾಗೆ ಹೇಳಿರುವುದೇ ಇಲ್ಲ.

11ರಿಂದ 14ನೇ ವಾರದೊಳಗೆ ಸ್ಕ್ಯಾನ್ ಮಾಡಿ ಮಗುವಿನ ಕತ್ತಿನ ಹಿಂದಿನ ನೀರಿನ ದಪ್ಪ ಅಳೆಯುತ್ತಾರೆ. ಅದಕ್ಕೆ ‘ಎನ್‌ಟಿ’ ಎನ್ನುತ್ತಾರೆ. ತಾಯಿಯ ರಕ್ತದ ಎರಡು ಅಂಶ ಮತ್ತು ವಯಸ್ಸನ್ನೂ ಸೇರಿಸಿ ಡೌನ್ ಸಿಂಡ್ರೋಮ್‌ನ ಸಾಧ್ಯತೆ ಲೆಕ್ಕ ಹಾಕುತ್ತಾರೆ. ಇದು ಬರೀ ಲೆಕ್ಕ.

ಅಗರದ ಒಬ್ಬ ಗರ್ಭಿಣಿಗೆ 1:180 ಬಂದಿದೆ ಎಂದಿಟ್ಟುಕೊಳ್ಳಿ. ಹಲವು ಲ್ಯಾಬುಗಳು 1:250ಕ್ಕಿಂತ ಹೆಚ್ಚಿನ ಸಾಧ್ಯತೆಯನ್ನು ಹೈ ರಿಸ್ಕ್ ಎನ್ನುತ್ತವೆ, ಹಾಗಾಗಿ ಇವರ ರಿಪೋರ್ಟಿಗೂ ಅದೇ ಮುದ್ರೆ. ಇದೇ ಫಲಿತಾಂಶ ಬಂದ 180 ಗರ್ಭಿಣಿಯರನ್ನು ಒಂದು ಛತ್ರದಲ್ಲಿ ಕೂರಿಸಿದರೆ, ಸುಮಾರು ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್ ಇರಬಹುದು. ಉಳಿದ 179 ಮಕ್ಕಳಿಗೆ ಇರುವುದಿಲ್ಲ. ‘ಲೋ ರಿಸ್ಕ್’ ಬಂದವರಲ್ಲೂ ಅಪರೂಪಕ್ಕೆ ಒಂದು ತಪ್ಪಿಹೋಗುತ್ತದೆ.

ರಿಪೋರ್ಟ್ ಕೈಗೆ ಬಂದ ಕೂಡಲೇ ಅದರಲ್ಲಿ ಬರೆದ ವಿವರ ಓದಿ. ಹೆಚ್ಚಿನವರು ಎಡವುವುದು ಇಲ್ಲೇ. ವಯಸ್ಸು, ರಕ್ತ ಕೊಟ್ಟ ದಿನದ ತೂಕ, ಅವಳಿಯೋ ಒಂಟಿಯೋ, ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ, ಎಲ್ಲವೂ ಲೆಕ್ಕಕ್ಕೆ ಹೋಗಿರುತ್ತವೆ. ವಾರದ ಲೆಕ್ಕವಂತೂ ಮುಖ್ಯ. ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ದಿನವನ್ನು ಅಂದಾಜಿಗೆ ಬರೆಸಿದ್ದು, ಲ್ಯಾಬಿನವರು ಸ್ಕ್ಯಾನ್ ಅಳತೆಯ ಬದಲು ಅದನ್ನೇ ಹಿಡಿದಿದ್ದರೆ ಉತ್ತರ ತಪ್ಪುತ್ತದೆ, ಯಾಕೆಂದರೆ ರಕ್ತದ ಆ ಅಂಶಗಳು ವಾರವಾರಕ್ಕೂ ಬದಲಾಗುತ್ತವೆ. ತಪ್ಪು ಕಂಡರೆ ಅದೇ ಲ್ಯಾಬಿಗೆ ಸರಿಯಾದ ವಿವರ ಕೊಟ್ಟು ಮರುಲೆಕ್ಕ ಹಾಕಿಸಿ. ಹೊಸದಾಗಿ ರಕ್ತ ಕೊಡಬೇಕಾಗಿಲ್ಲ. ವಿವರ ಸರಿಯಿದ್ದರೆ ಮಾತ್ರ, ಒಳ್ಳೆಯ ಉತ್ತರ ಬರಲಿ ಎಂದು ಇನ್ನೊಂದು ಲ್ಯಾಬಿನಲ್ಲಿ ಅದೇ ಪರೀಕ್ಷೆ ಮಾಡಿಸಬೇಡಿ. ದುಡ್ಡೂ ಹೋಗುತ್ತದೆ, ವಾರವೂ ಹೋಗುತ್ತದೆ.

ಮುಂದೆ ಎರಡು ದಾರಿ. ಒಂದು ಎನ್‌ಐಪಿಟಿ. ತಾಯಿಯ ರಕ್ತದಲ್ಲೇ ಮಾಡುವ ಈ ಪರೀಕ್ಷೆ ಹೆಚ್ಚು ನಿಖರವಾದರೂ ಇದೂ ಸ್ಕ್ರೀನಿಂಗೇ. ಇದರಲ್ಲಿ ‘ಪಾಸಿಟಿವ್’ ಬಂದರೂ ನಿರ್ಧಾರಕ್ಕೆ ಬರಬೇಡಿ. ಎನ್‌ಟಿ 3.5 ಮಿ.ಮೀ. ಅಥವಾ ಹೆಚ್ಚಿದ್ದರೆ ವೈದ್ಯರು ಸಾಮಾನ್ಯವಾಗಿ ನೇರ ಎರಡನೇ ದಾರಿಗೇ ಕಳಿಸುತ್ತಾರೆ.

ಅದು ಆಮ್ನಿಯೋಸೆಂಟೆಸಿಸ್. 15 ವಾರ ತುಂಬಿದ ಮೇಲೆ, ಸ್ಕ್ಯಾನ್ ನೋಡಿಕೊಂಡು, ಸೂಜಿಯಿಂದ ಮಗುವಿನ ಸುತ್ತಲ ನೀರು ತೆಗೆದು ಅದರಲ್ಲಿನ ಮಗುವಿನ ಜೀವಕೋಶಗಳ ಕ್ರೋಮೋಸೋಮ್ ನೋಡುತ್ತಾರೆ. ಕಾಯಿಲೆ ಇದೆ ಅಥವಾ ಇಲ್ಲ ಎಂದು ಖಚಿತಪಡಿಸುವುದು ಇಂಥ ಪರೀಕ್ಷೆಯೇ. ಇದರಿಂದ ಗರ್ಭಪಾತವಾಗುವ ಸಂಭವ ಸುಮಾರು 200ರಲ್ಲಿ ಒಂದು ಅಥವಾ ಅದಕ್ಕೂ ಕಡಿಮೆ. ಪೂರ್ತಿ ವರದಿಗೆ ಎರಡು ಮೂರು ವಾರ ಹಿಡಿಯುತ್ತದೆ. ಆದ್ದರಿಂದ ಕೊಳ್ಳೇಗಾಲದ ವೈದ್ಯರು ಮೈಸೂರಿಗೆ ಬರೆದುಕೊಟ್ಟರೆ ಹಬ್ಬ ಮುಗಿಯಲಿ ಎಂದು ಕಾಯದೆ ಹೊರಡಿ. ಹೋಗುವಾಗ ಸ್ಕ್ಯಾನ್ ರಿಪೋರ್ಟ್, ರಕ್ತದ ಗುಂಪಿನ ಚೀಟಿ ಇರಲಿ. ತಾಯಿಯದು ನೆಗೆಟಿವ್ ಗುಂಪಾದರೆ ಸೂಜಿ ಹಾಕುವ ಮೊದಲೇ ಹೇಳಿ, ಆಮೇಲೆ ಆಂಟಿ-ಡಿ ಇಂಜೆಕ್ಷನ್ ಬೇಕಾಗಬಹುದು.