ಹೋಟೆಲಿನ ಉಗ್ರಾಣದಲ್ಲಿ ಹಳೆಯ ಚೀಲ ಮೊದಲು

ಮದ್ದೂರು, ಮಂಡ್ಯಗಳ ಹಳೆಯ ರಸ್ತೆಯಲ್ಲಿ ಹೋಟೆಲು ನಡೆಸುವವರಿಗೆ ಒಂದು ಸಂಗತಿ ಅನುಭವಕ್ಕೆ ಬಂದಿದೆ. ಈ ಊರುಗಳನ್ನು ಬಳಸಿ ಹೋಗುವ ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಮೇಲೆ ಗಿರಾಕಿಗಳು ಕಡಿಮೆಯಾದರು. ವ್ಯಾಪಾರ ಇಳಿದರೂ ಸಾಮಾನು ತರಿಸುವ ರೂಢಿ ಮಾತ್ರ ಹಾಗೆಯೇ ಉಳಿದಿದ್ದರೆ, ಉಗ್ರಾಣದಲ್ಲಿ ರವೆ ಹುಳು ಬೀಳುತ್ತದೆ.

ಲೆಕ್ಕ ಹಾಕಿ ನೋಡಿರಿ. ವಡೆಗೆ ದಿನಕ್ಕೆ 5 ಕಿಲೋ ರವೆ ಬೇಕಾಗಿದ್ದಾಗ 25 ಕಿಲೋ ತೂಕದ ಮೂರು ಚೀಲ 15 ದಿನಕ್ಕೆ ಮುಗಿಯುತ್ತಿದ್ದುವು. ಕೊನೆಯ ಚೀಲ ಉಳಿದಿರುವಾಗ ಹೊಸ ಮೂರು ಚೀಲ ತಂದು ಮುಂದಿಟ್ಟರೆ, ಹಿಂದಿನದಕ್ಕೆ 25 ದಿನವಾಗುತ್ತಿತ್ತು. ಈಗ ದಿನಕ್ಕೆ 2 ಕಿಲೋ ಸಾಕೆನ್ನಿ. ಅದೇ ತಪ್ಪಿನಿಂದ ಆ ಚೀಲ ಎರಡು ತಿಂಗಳು ಮೂಲೆಯಲ್ಲಿರುತ್ತದೆ. ಬೆಚ್ಚನೆಯ ಕೋಣೆಯಲ್ಲಿ ಕೆಂಪು ಹಿಟ್ಟುಹುಳುವಿನ ಮೊಟ್ಟೆ ಬೆಳೆದು ಹುಳುವಾಗಲು ಸುಮಾರು ಒಂದು ತಿಂಗಳು ಸಾಕು. ಹಿಂದೆ ರವೆ ಬೇಗ ಖರ್ಚಾಗುತ್ತಿದ್ದುದರಿಂದ ತಪ್ಪು ಕಾಣದೆ ಹೋಗುತ್ತಿತ್ತು, ಅಷ್ಟೆ. ರವೆಯಲ್ಲಿ ಘಾಟು ವಾಸನೆ ಬಂದರೆ ಹುಳು ಹೆಚ್ಚಿದೆಯೆಂದು ತಿಳಿಯಿರಿ. ಜೇಡರ ಬಲೆಯಂತೆ ನೂಲು ಕಟ್ಟಿ ಗಂಟಾಗಿದ್ದರೆ ಅದು ಪತಂಗದ ಮರಿಗಳ ಕೆಲಸ. ಅಂಥ ರವೆಯನ್ನು ಜರಡಿ ಹಿಡಿದು ವಡೆಗೆ ಬಳಸಕೂಡದು.

ಚೀಲಗಳನ್ನು ಗೋಡೆಗೆ ತಾಗಿಸದೆ, ಮರದ ಹಲಗೆಯ ಮೇಲೆ ಒಂದೇ ಸಾಲಾಗಿ ನಿಲ್ಲಿಸಿರಿ. ಹೊಸದು ಎಡಗಡೆ ಸೇರಲಿ, ತೆಗೆಯುವುದು ಬಲಗಡೆಯಿಂದ. ಒಂದರ ಮೇಲೊಂದು ಪೇರಿಸಿದರೆ ಹಳೆಯದು ಅಡಿಗೆ ಬೀಳುತ್ತದೆ. ಚೀಲ ಬಂದ ದಿನವೇ ಅದರ ಕತ್ತಿಗೆ ತಾರೀಖಿನ ಚೀಟಿ ಕಟ್ಟಿರಿ. ಬಿಚ್ಚಿದ ತಾರೀಖನ್ನೂ ಅದರಲ್ಲೇ ಬರೆಯಿರಿ. ಆದರೆ ಈಚೆಗೆ ಬಂದ ಮೈದಾ ಚೀಲದ ಮೇಲೆ ಅಚ್ಚಾದ ಅವಧಿ ಬೇಗ ಮುಗಿಯುವಂತಿದ್ದರೆ, ಅದನ್ನೇ ಮೊದಲು ಖರ್ಚುಮಾಡತಕ್ಕದ್ದು.

ಒಲೆಯ ಬಳಿಯ ಡಬ್ಬವನ್ನು ಯಾರೂ ಲಕ್ಷಿಸುವುದಿಲ್ಲ. ತಳದಲ್ಲಿ ಹಿಡಿಯಷ್ಟು ಹಳೆಯ ರವೆ ಇರುವಾಗಲೇ ಮೇಲೆ ಹೊಸದನ್ನು ಸುರಿಯುತ್ತಾರೆ. ಆ ಹಿಡಿ ರವೆ ವರ್ಷವೆಲ್ಲಾ ಅಲ್ಲೇ ಇದ್ದು ಹೊಸದಕ್ಕೂ ಹುಳು ಹತ್ತಿಸುತ್ತದೆ. ಡಬ್ಬ ಪೂರ್ತಿ ಬರಿದಾಗಲಿ. ಒರೆಸಿ ಒಣಗಿಸಿ ತುಂಬಿರಿ.

ಶೀತಕೋಣೆಯಲ್ಲಿ ದಿನಗಳ ಬದಲು ಗಂಟೆಗಳ ಲೆಕ್ಕ. ಮಳವಳ್ಳಿಯಿಂದ ಶಿವನಸಮುದ್ರಕ್ಕೆ ಹೋಗುವ ರಸ್ತೆಯಲ್ಲಿ ಭಾನುವಾರ ಜನ, ಸೋಮವಾರ ಖಾಲಿ. ಭಾನುವಾರ ಮಿಕ್ಕ ದೋಸೆ ಹಿಟ್ಟಿನ ಮುಂದೆ ಸೋಮವಾರದ ಹಿಟ್ಟು ಕೂತರೆ, ಹಳೆಯದು ಹುಳಿಯುತ್ತಲೇ ಇರುತ್ತದೆ. ರುಬ್ಬಿದ ತಾರೀಖು, ವೇಳೆ ಎರಡನ್ನೂ ಪಾತ್ರೆಯ ಮೈಗೆ ಅಂಟಿಸಿರಿ. ಮುಚ್ಚಳಗಳು ಅದಲು ಬದಲಾಗುತ್ತವೆ. ಬರೀ "ಸೋಮವಾರ" ಎಂದರೆ ಯಾವ ಸೋಮವಾರವೋ ತಿಳಿಯದು. ಹಳೆಯ ಹಿಟ್ಟನ್ನು ಹೊಸದಕ್ಕೆ ಬೆರೆಸದೆ ಮೊದಲು ಅದನ್ನೇ ಹುಯ್ಯಿರಿ. ಒಳಗಿನ ಶಾಖ 5 ಡಿಗ್ರಿ ಸೆಂಟಿಗ್ರೇಡು ಮೀರದಿರಲಿ. ಇನ್ನು ಕಾಯಿ ಚಟ್ನಿಗೆ ಚೀಟಿ ಬೇಡ; ರಾತ್ರಿ ಉಳಿದದ್ದನ್ನು ಚೆಲ್ಲಿಬಿಡಿ.