ಗೆಳತಿ ಗೆರೆ ಹೊಡೆದ ಸಾಲು

ನೋಡವ್ವ, ನಿಮ್ಮ ಸರ್ ಈ ಸಲ ರೆಕಾರ್ಡ್ ಪುಸ್ತಕಗಳನ್ನು ಅದಲುಬದಲು ಮಾಡಿ, ಒಬ್ಬರ ವರದಿಗೆ ಇನ್ನೊಬ್ಬರು ಅಭಿಪ್ರಾಯ ಬರೆಯಿರಿ ಎಂದದ್ದು ಒಳ್ಳೆಯ ಕೆಲಸ. ನಿನ್ನ ಗೆಳತಿಯ ಪೀನ ಮಸೂರದ ಪ್ರಯೋಗಕ್ಕೆ ನೀನು ಬರೆದದ್ದನ್ನು ಓದಿದೆ. ‘ಸೈನ್ ತಪ್ಪಾಗಿದೆ. ಎರರ್ ಬರೆದಿಲ್ಲ. ಉಳಿದದ್ದು ಚೆನ್ನಾಗಿದೆ.’ ಮೊದಲೆರಡೂ ನಿಜ. ಆದರೆ ಇದನ್ನು ಓದಿ ಆಕೆ ಏನು ಮಾಡಬೇಕು? ಒಂದು ಮೈನಸ್ ಅಳಿಸಿ, ಕೊನೆಗೆ ‘± 0.1’ ಅಂಟಿಸಿ ಪುಸ್ತಕ ಮುಚ್ಚುತ್ತಾಳೆ. ಸಿಂಧನೂರಿನಲ್ಲಿ ವರ್ಷಗಟ್ಟಲೆ ಫಿಸಿಕ್ಸ್ ಲ್ಯಾಬ್ ನಡೆಸಿದವನಾದ್ದರಿಂದ ಇಂಥ ‘ತಿದ್ದುಪಡಿ’ ಎಷ್ಟೋ ನೋಡಿದ್ದೇನೆ. ಆಕೆಯ ವರದಿಯಲ್ಲಿ ಅದಕ್ಕಿಂತ ದೊಡ್ಡದೊಂದು ನಡೆದಿದೆ. ನೀನು ಅದನ್ನು ದಾಟಿ ಹೋಗಿದ್ದೀಯ.

ಆಕೆ ಬೆಂಚಿನ ಮೇಲೆ ಮೂರು ರೀಡಿಂಗ್ ತೆಗೆದಿದ್ದಾಳೆ. ಮಸೂರದಿಂದ ವಸ್ತುವಿನ ಪಿನ್ 30.0 ಸೆಂ.ಮೀ. ದೂರದಲ್ಲಿದ್ದಾಗ ಬಿಂಬ 60.6ರಲ್ಲಿ, 40.0 ಇಟ್ಟಾಗ 40.2ರಲ್ಲಿ, 60.0 ಇಟ್ಟಾಗ 30.1ರಲ್ಲಿ. ಆಮೇಲೆ 1/v − 1/u = 1/f ಸೂತ್ರಕ್ಕೆ ಎರಡೂ ದೂರಗಳನ್ನು ಪ್ಲಸ್ ಆಗಿಯೇ ಹಾಕಿದ್ದಾಳೆ. ಮೊದಲ ಸಾಲಿಗೆ −59.4 ಸೆಂ.ಮೀ. ಬಂತು. ಮೂರನೆಯದಕ್ಕೆ +60.4. ನಡುವಿನ ಸಾಲಿಗೆ −8040 ಸೆಂ.ಮೀ., ಅಂದರೆ ಎಂಬತ್ತು ಮೀಟರ್! ಅಂಗೈಯಲ್ಲಿ ಹಿಡಿಸುವ ಮಸೂರಕ್ಕೆ ಎಂಬತ್ತು ಮೀಟರ್ ನಾಭಿದೂರವೇ ಎಂದು ಆಕೆಗೂ ಅನ್ನಿಸಿದೆ. ಅದಕ್ಕೇ ಆ ಸಾಲಿನ ಮೇಲೆ ಗೆರೆ ಹೊಡೆದು ‘ರೀಡಿಂಗ್ ತಪ್ಪು’ ಎಂದು ಬರೆದಿದ್ದಾಳೆ. ಮೊದಲ ಸಾಲಿನ ಮೈನಸ್ ಬಿಟ್ಟು, ಉಳಿದ ಎರಡರ ಸರಾಸರಿ ತೆಗೆದು, f = 59.9066 ಸೆಂ.ಮೀ. ಎಂದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಎರಡು ಉತ್ತರ ಒಂದಕ್ಕೊಂದು ಇಷ್ಟು ಹತ್ತಿರ ಬಂದರೆ ಯಾರಿಗಾದರೂ ಧೈರ್ಯ ಬರುತ್ತದೆ. ನಿನಗೂ ಬಂದಿರಬೇಕು. ಇಲ್ಲವಾದರೆ ‘ಉಳಿದದ್ದು ಚೆನ್ನಾಗಿದೆ’ ಎಂದು ಬರೆಯುತ್ತಿರಲಿಲ್ಲ.

ಆ ಧೈರ್ಯಕ್ಕೆ ಆಧಾರವಿಲ್ಲ. ಮೊದಲ ಸಾಲಿನಲ್ಲಿ 30 ಮತ್ತು 60.6, ಮೂರನೆಯದರಲ್ಲಿ 60 ಮತ್ತು 30.1. ಅವು ಬೇರೆ ಬೇರೆ ಸಾಕ್ಷಿಗಳಲ್ಲ, ಒಂದೇ ಜೋಡಿ ಜಾಗ ಬದಲಿಸಿ ನಿಂತಿದೆ, ಅಷ್ಟೇ. ವಸ್ತು ಮತ್ತು ಬಿಂಬ ತಮ್ಮ ಸ್ಥಾನ ಅದಲುಬದಲು ಮಾಡಿಕೊಳ್ಳಬಲ್ಲವು ಎಂಬುದು ಮಸೂರದ ಗುಣ. ಹಾಗಾಗಿ ತಪ್ಪು ಸೂತ್ರ ಹಾಕಿದರೂ ಎರಡೂ ಕಡೆ ಅದೇ ಸಂಖ್ಯೆ ಬರುತ್ತದೆ, ಚಿಹ್ನೆ ಮಾತ್ರ ತಿರುಗುತ್ತದೆ. ಆಕೆ ಅಳಿಸಿದ್ದು ಆ ಚಿಹ್ನೆಯನ್ನೇ. ಒಂದೇ ಮಸೂರ ಒಂದು ಸಾಲಿನಲ್ಲಿ ಮೈನಸ್, ಇನ್ನೊಂದರಲ್ಲಿ ಪ್ಲಸ್ ನಾಭಿದೂರ ತೋರಿಸಿದರೆ ಲೆಕ್ಕ ಕೆಟ್ಟಿದೆ ಎಂದೇ ಅರ್ಥ. ಅದರಲ್ಲೂ ಮೈನಸ್ ಎಂದರೆ ನಿಮ್ಮ ಪುಸ್ತಕದ ನಿಯಮದಲ್ಲಿ ನಿಮ್ನ ಮಸೂರ. ನಿಜವಾದ ವಸ್ತುವಿಗೆ ಅದು ನಿಜಬಿಂಬವನ್ನು ಕೊಡುವುದೇ ಇಲ್ಲ. ಆಕೆಯೋ ಬಿಂಬದ ತುದಿಗೆ ಪಿನ್ನಿನ ತುದಿ ಕೂಡಿಸಿ ಪ್ಯಾರಲಾಕ್ಸ್ ತೆಗೆದಿದ್ದಾಳೆ.

ಈ ಗೋಜಲು ಹುಟ್ಟುವ ಜಾಗ ನನಗೆ ಗೊತ್ತು. ಪಿಯು ಪಠ್ಯದಲ್ಲಿರುವುದು ಕಾರ್ಟೀಸಿಯನ್ ನಿಯಮ. ಮಸೂರದ ನಡುವಿನಿಂದ ಅಳೆಯಬೇಕು. ಬೆಳಕು ಸಾಗುವ ದಿಕ್ಕು ಪ್ಲಸ್, ಅದಕ್ಕೆ ಎದುರು ದಿಕ್ಕು ಮೈನಸ್. ವಸ್ತು ಬೆಳಕು ಬರುವ ಕಡೆ ಇರುವುದರಿಂದ u = −30. ಆಗ 1/60.6 − 1/(−30) ಎಂಬುದು 1/60.6 + 1/30 ಆಗಿ, f = 20.07 ಬರುತ್ತದೆ. ಹಳೆಯ ಕೆಲವು ಪುಸ್ತಕಗಳಲ್ಲಿ ಬೇರೆ ನಿಯಮವಿದೆ. ಅಲ್ಲಿ ನಿಜವಾದದ್ದೆಲ್ಲ ಪ್ಲಸ್, ಸೂತ್ರವೇ 1/u + 1/v = 1/f. ಅದೂ ಸರಿ. ಇನ್ನು ಪ್ರಾಕ್ಟಿಕಲ್‌ಗೆ ಬಳಸುವ f = uv/(u + v) ಎಂಬ ರೂಪದಲ್ಲಿ ಚಿಹ್ನೆ ಆಗಲೇ ಕರಗಿಹೋಗಿದೆ, ಬರೀ ಅಳತೆ ಹಾಕಬೇಕು. ಅದಕ್ಕೆ ಮತ್ತೆ −30 ಹಾಕಿ ನೋಡು, ಅದೇ −59.4 ಬರುತ್ತದೆ. ಅಂದರೆ ಚಿಹ್ನೆ ಹಾಕದೆ ಬಿಟ್ಟರೂ, ಎರಡು ಸಲ ಹಾಕಿದರೂ ತಪ್ಪು ಒಂದೇ ಮುಖ ತೋರಿಸುತ್ತದೆ. ಆಕೆ ಎಲ್ಲಿ ಎಡವಿದಳೆಂದು ಉತ್ತರ ನೋಡಿ ಹೇಳಲಾಗದು, ನಡುವಿನ ಹಂತ ನೋಡಬೇಕು. ಈ ಮೂರರಲ್ಲಿ ಯಾವುದನ್ನಾದರೂ ಹಿಡಿಯಲಿ, ಯಾವುದೆಂದು ಪುಟದ ಮೇಲ್ಗಡೆ ಒಂದು ಸಾಲು ಬರೆಯಲಿ. ಚಿತ್ರದಲ್ಲಿ ಬೆಳಕಿನ ದಿಕ್ಕಿಗೆ ಒಂದು ಬಾಣ ಹಾಕಿದರಂತೂ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಈಗ ಎರರ್ ವಿಷಯ. ನೀನು ಇದನ್ನು ಬೇರೆಯೇ ಒಂದು ಕೊರತೆ ಎಂಬಂತೆ ಎರಡನೇ ವಾಕ್ಯದಲ್ಲಿ ಇಟ್ಟಿದ್ದೀಯ. ಇಲ್ಲಿ ಅದು ಬೇರೆಯಲ್ಲ. ಪ್ಯಾರಲಾಕ್ಸ್ ತೆಗೆಯುವಾಗ ಏನಾಗುತ್ತದೆ ನೆನಪಿಸಿಕೋ. ತಲೆಯನ್ನು ಆಚೆ ಈಚೆ ಆಡಿಸಿ, ಬಿಂಬ ಮತ್ತು ಪಿನ್ ಒಟ್ಟಿಗೇ ಸರಿಯುತ್ತವೆ ಎನ್ನಿಸಿದಾಗ ಕೈ ನಿಲ್ಲಿಸುತ್ತೀರಿ. ಅಲ್ಲಿಂದ ಪಿನ್ನನ್ನು ಎರಡು ಮೂರು ಮಿಲಿಮೀಟರ್ ಹಿಂದೆ ಮುಂದೆ ತಳ್ಳಿ ನೋಡು, ಕಣ್ಣಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸ್ಕೇಲಿನಲ್ಲಿ ಮಿಲಿಮೀಟರ್ ಗೆರೆ ಇದೆಯೆಂದು ಅಳತೆ ಮಿಲಿಮೀಟರಿನಷ್ಟು ಖಚಿತವಾಗದು. ಕಣ್ಣಿಗೆ ತಿಳಿಯದೆ ಪಿನ್ ಎಷ್ಟು ಸರಿಯುತ್ತದೋ ಅದೇ ಆ ರೀಡಿಂಗಿನ ಅನಿಶ್ಚಿತತೆ. ಅದನ್ನು ಬೆಂಚಿನ ಮೇಲೇ ಅಳೆದು ಬರೆಯಬೇಕು, ಮನೆಗೆ ಬಂದು ಊಹಿಸಬಾರದು.

ಆಕೆ 40.2ರ ಪಕ್ಕದಲ್ಲಿ ± 0.3 ಎಂದು ಬರೆದಿದ್ದಳು ಅಂತ ಇಟ್ಟುಕೋ. ಆಗ v 39.9 ಇರಬಹುದು, 40.5 ಇರಬಹುದು. ಆಕೆಯ ಸೂತ್ರದಲ್ಲೇ ಎರಡನ್ನೂ ಹಾಕಿ ನೋಡಿದೆ. 40.5ಕ್ಕೆ ನಾಭಿದೂರ ಮೈನಸ್ 32 ಮೀಟರ್. 39.9ಕ್ಕೆ ಪ್ಲಸ್ 160 ಮೀಟರ್. ನಡುವೆ ಸರಿಯಾಗಿ 40.0 ಬಂದರೆ ಅನಂತ. ಮೂರು ಮಿಲಿಮೀಟರ್ ಆಚೀಚೆ ಆದದ್ದಕ್ಕೆ ಉತ್ತರ ಅನಂತದ ಮೂಲಕ ಹಾಯ್ದು ಚಿಹ್ನೆಯನ್ನೇ ಬದಲಿಸಿತು ಎಂದರೆ ರೀಡಿಂಗ್‌ನಲ್ಲಿ ದೋಷವಿಲ್ಲ, ಸೂತ್ರದಲ್ಲಿದೆ ಎಂದು ಅಲ್ಲೇ ಗೊತ್ತಾಗುತ್ತಿತ್ತು. ಹತ್ತಿರ ಹತ್ತಿರದ ಎರಡು ಸಂಖ್ಯೆಗಳನ್ನು ಕಳೆದು, ಆ ಚಿಕ್ಕ ಉಳಿಕೆಯಿಂದ ಭಾಗಿಸಿದಾಗ ಹೀಗೇ ಆಗುವುದು. ಎರರ್ ಬರೆದಿದ್ದರೆ ಸೈನ್ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತಿತ್ತು. ನಿನ್ನ ಟಿಪ್ಪಣಿಯಲ್ಲಿ ಬರಬೇಕಾದ ಮುಖ್ಯ ಮಾತು ಇದೇ.

ಸರಿಯಾದ ಲೆಕ್ಕದಲ್ಲಿ ಅದೇ ಮೂರು ಮಿಲಿಮೀಟರ್ ಎಷ್ಟು ಕಾಡುತ್ತದೆ? ಕ್ಯಾಲ್ಕುಲಸ್ ಬೇಡ, ಕ್ಯಾಲ್ಕುಲೇಟರ್ ಸಾಕು. 40.0 ಜೊತೆ 40.5 ಹಾಕಿದರೆ 20.12, 39.9 ಹಾಕಿದರೆ 19.97. ಇಷ್ಟೇ. ಮೊದಲ ಸಾಲಿನಲ್ಲಿ v ದೂರವಿರುವುದರಿಂದ ಅರ್ಧ ಸೆಂಟಿಮೀಟರ್ ತಪ್ಪಿದರೂ f ಅರ್ಧ ಮಿಲಿಮೀಟರಿನಷ್ಟೇ ಅಲ್ಲಾಡುತ್ತದೆ. ಅಲ್ಲಿ ಹೆಚ್ಚು ಜೋಕೆ ಬೇಕಾದದ್ದು ಹತ್ತಿರದ u ಅಳೆಯುವಾಗ. ಅದು ಎರಡು ಮಿಲಿಮೀಟರ್ ತಪ್ಪಿದರೆ f ಸುಮಾರು ಒಂದು ಮಿಲಿಮೀಟರ್ ಹೋಗುತ್ತದೆ. ಮೂರೂ ಸಾಲು ಸೇರಿಸಿದರೆ 20.1 ± 0.2 ಸೆಂ.ಮೀ. ಎಂದು ಬರೆಯಬಹುದು. ಮೂರು ಉತ್ತರಗಳೂ 20.04ರಿಂದ 20.07ರ ಒಳಗೇ ಇವೆಯಲ್ಲ, ± 0.2 ಯಾಕೆ ಎಂದು ಆಕೆ ಕೇಳಬಹುದು. ಎರಡೂ ಪಿನ್ನುಗಳ ತುದಿ ತಮ್ಮ ಸ್ಟ್ಯಾಂಡಿನ ಗುರುತಿನಿಂದ ಒಂದೆರಡು ಮಿಲಿಮೀಟರ್ ಹೊರಗೆ ಬಾಗಿದ್ದರೆ ಅದು ಎಲ್ಲ ಸಾಲಿನಲ್ಲೂ ಕೂತಿರುತ್ತದೆ. ಎಷ್ಟು ಸಲ ಅಳೆದರೂ ಚದುರುವಿಕೆಯಲ್ಲಿ ಅದು ಕಾಣುವುದಿಲ್ಲ.

ಆ 59.9066ರ ನಾಲ್ಕು ದಶಮಾಂಶ ಕ್ಯಾಲ್ಕುಲೇಟರಿನ ಕಾಣಿಕೆ. ನಮ್ಮ ಮಾರುಕಟ್ಟೆಯಲ್ಲಿ ಭತ್ತದ ಚೀಲಕ್ಕೆ 75.3862 ಕಿಲೋ ಎಂದು ಚೀಟಿ ಬರೆದುಕೊಟ್ಟರೆ ರೈತ ಮೊದಲು ಕಾಟಾದವನನ್ನೇ ಅನುಮಾನಿಸುತ್ತಾನೆ.

ಇನ್ನೊಂದು ಇದೆ. ಅದನ್ನು ನೋಡಿದಾಗ ನನಗೆ ನಿಜಕ್ಕೂ ಹೊಟ್ಟೆ ಉರಿಯಿತು. ವಸ್ತುವಿಗೂ ಅದರ ನಿಜಬಿಂಬಕ್ಕೂ ನಡುವಿನ ದೂರ ನಾಭಿದೂರದ ನಾಲ್ಕು ಪಟ್ಟಿಗಿಂತ ಕಡಿಮೆಯಾಗಲು ಸಾಧ್ಯವಿಲ್ಲ. ನಾಭಿದೂರ 60 ಇದ್ದಿದ್ದರೆ ಆಕೆಗೆ ಕನಿಷ್ಠ 240 ಸೆಂ.ಮೀ. ಬೆಂಚು ಬೇಕಿತ್ತು. ಗೆರೆ ಹೊಡೆದ ಸಾಲಿನಲ್ಲಿ ಒಟ್ಟು ದೂರ 80.2, ನಾಲ್ಕರಿಂದ ಭಾಗಿಸಿದರೆ 20.05. ಸೂತ್ರವೇ ಬೇಡ, ಉತ್ತರ ಅಲ್ಲೇ ಕೂತಿದೆ. ಮೂರರಲ್ಲಿ ಎಲ್ಲಕ್ಕಿಂತ ಹೆಚ್ಚು ಹೇಳುವ ರೀಡಿಂಗನ್ನೇ ಆಕೆ ತಪ್ಪೆಂದು ಹೊಡೆದಿದ್ದಾಳೆ. ಸಾಲದ್ದಕ್ಕೆ ವರದಿಯ ಮೊದಲ ಪುಟದಲ್ಲಿ, ಕಿಟಕಿಯಾಚೆಯ ಮರವನ್ನು ಪರದೆ ಮೇಲೆ ಮೂಡಿಸಿ ‘ಅಂದಾಜು ನಾಭಿದೂರ 20 ಸೆಂ.ಮೀ.’ ಎಂದು ತಾನೇ ಬರೆದಿದ್ದಾಳೆ. ಒಂದೇ ವರದಿಯಲ್ಲಿ 20 ಮತ್ತು 60.

ಇದು ಪಿಯು ಮಕ್ಕಳ ಮಟ್ಟದ ತಪ್ಪು ಎಂದು ನಗಬೇಡ. 1990ರ ಏಪ್ರಿಲ್‌ನಲ್ಲಿ ಹಬಲ್ ದೂರದರ್ಶಕ ಆಕಾಶಕ್ಕೆ ಹೋದ ಮೇಲೆ ಅದರ ಚಿತ್ರಗಳು ಮಸುಕಾಗಿ ಬಂದವು. ಮುಖ್ಯ ಕನ್ನಡಿಯನ್ನು ಪರೀಕ್ಷಿಸುವ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರ್ ತಪ್ಪು ಜಾಗದಲ್ಲಿ ಕೂತಿತ್ತು. ಬೇರೆ ಪರೀಕ್ಷೆಗಳು ದೋಷವನ್ನು ತೋರಿಸಿದ್ದವು, ಆದರೆ ಅವು ಅಷ್ಟು ನಿಖರವಲ್ಲ ಎಂದು ಪಕ್ಕಕ್ಕೆ ಸರಿಸಲಾಗಿತ್ತು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸಬೇಕಾಯಿತು. ಒಪ್ಪದ ರೀಡಿಂಗನ್ನು ಹೊಡೆದುಹಾಕುವ ಚಟ ದೊಡ್ಡವರಿಗೂ ಇದೆ.

ಹಾಗಾದರೆ ಟಿಪ್ಪಣಿ ಹೇಗಿರಬೇಕು? ನಾನಾದರೆ ಹೀಗೆ ಬರೆಯುತ್ತಿದ್ದೆ:

‘ನಿನ್ನ ಮೂರೂ ರೀಡಿಂಗ್ ಒಂದಕ್ಕೊಂದು ಹೊಂದುತ್ತವೆ, ಪ್ರಯೋಗ ಮತ್ತೆ ಮಾಡಬೇಕಿಲ್ಲ. ಪುಟ 1ರಲ್ಲಿ ಅಂದಾಜು 20 ಸೆಂ.ಮೀ. ಅಂದಿದ್ದೀಯ, ಕೊನೆಗೆ 59.9 ಬಂದಿದೆ; ಯಾವುದನ್ನು ನಂಬಲಿ? ಮೊದಲ ಸಾಲಿನ ಮೈನಸ್ ಯಾಕೆ ಬಿಟ್ಟೆ? ಎರಡನೇ ಸಾಲಿನಲ್ಲಿ v ± 0.3 ಎಂದುಕೊಂಡು 39.9 ಮತ್ತು 40.5ಕ್ಕೆ ಒಮ್ಮೆ ಲೆಕ್ಕ ಮಾಡಿ ನೋಡು. u ಯಾವ ಚಿಹ್ನೆಯಲ್ಲಿ ಹಾಕಿದೆ ಎಂದು ಒಂದು ಸಾಲು ಬರೆ. ಪಿನ್ ಎಷ್ಟು ಸರಿದರೂ ಪ್ಯಾರಲಾಕ್ಸ್ ಕಾಣಲಿಲ್ಲ ಎಂಬುದನ್ನು ಪ್ರತಿ ರೀಡಿಂಗ್ ಪಕ್ಕ ಹಾಕು.’

ಇದರಲ್ಲಿ 20.1 ಎಂಬ ಉತ್ತರವನ್ನು ನಾನು ಎಲ್ಲೂ ಕೊಟ್ಟಿಲ್ಲ, ಗಮನಿಸು. ಕೊಟ್ಟರೆ ಆಕೆ ಅದನ್ನೇ ನಕಲು ಮಾಡಿ ಮುಗಿಸುತ್ತಾಳೆ. ಆ ಎರಡು ಸಂಖ್ಯೆ ಹಾಕಿ ನೋಡಿದರೆ ಎಂಬತ್ತು ಮೀಟರ್ ಎಲ್ಲಿಂದ ಬಂತೆಂದು ಆಕೆಗೇ ಕಾಣುತ್ತದೆ. ‘ರೀಡಿಂಗ್ ಹೊಂದುತ್ತವೆ’ ಎಂಬ ಮಾತನ್ನು ಮೊದಲೇ ಇಟ್ಟದ್ದು ಆಕೆಯನ್ನು ಖುಷಿಪಡಿಸಲಿಕ್ಕಲ್ಲ. ತಪ್ಪು ಕೈಯದಲ್ಲ, ಲೆಕ್ಕದ್ದು ಎಂದು ತಿಳಿಯದಿದ್ದರೆ ಆಕೆ ಮತ್ತೆ ಬೆಂಚಿಗೆ ಹೋಗಿ ಒಳ್ಳೆಯ ರೀಡಿಂಗ್‌ಗಳನ್ನೂ ಕೆಡಿಸಿಕೊಂಡಾಳು.

ನಿನ್ನ ಮೂರು ವಾಕ್ಯ ತೆಗೆದು ಹೊಸದಾಗಿ ಬರೆ. ಪುಸ್ತಕ ವಾಪಸ್ ಕೊಡುವಾಗ ಆ ನಡುವಿನ ಸಾಲಿಗೆ ಹೊಡೆದ ಗೆರೆಯ ಪಕ್ಕದಲ್ಲಿ ‘ಇದನ್ನು ಉಳಿಸಿಕೋ’ ಎಂದು ಪೆನ್ಸಿಲ್‌ನಲ್ಲಿ ಬರೆದು ಕೊಡವ್ವ.