ಶನಿವಾರ ಅಂಗಳದ ಕ್ಯಾಮೆರಾ ಏಕೆ ಮಾಯವಾಗುತ್ತದೆ?

ಪ್ರಶ್ನೆ: ತುಮರಿ ಹತ್ತಿರ ನಮ್ಮ ತೋಟದ ಮನೆಯಿದೆ. ಮೂರು ಕೋಣೆಗಳಲ್ಲಿ ಹೋಂಸ್ಟೇ ನಡೆಸುತ್ತೇವೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ವಾರದ ಕೊನೆಗೆ ಬರುವವರು ಜಾಸ್ತಿಯಾಗಿದ್ದಾರೆ. ಫೈಬರ್ ಇಂಟರ್ನೆಟ್ ಇದೆ. ವೈಫೈ ಕ್ಯಾಮೆರಾ ಆರು, ಸ್ಮಾರ್ಟ್ ಬಲ್ಬ್ ಎಂಟು, ಸ್ಮಾರ್ಟ್ ಪ್ಲಗ್ ನಾಲ್ಕು, ಟಿವಿ ಎರಡು, ಮಾತು ಕೇಳುವ ಸ್ಪೀಕರ್ ಒಂದು. ಅತಿಥಿಗಳು ಬಂದ ಶನಿವಾರ ಅಡಿಕೆ ಅಂಗಳದ ಕ್ಯಾಮೆರಾ ಆಫ್‌ಲೈನ್ ಆಗುತ್ತದೆ, ಸೋಮವಾರ ತಾನಾಗಿ ಸರಿಹೋಗುತ್ತದೆ. ಹೆಚ್ಚಿನ ವೇಗದ ಪ್ಲಾನ್ ಹಾಕಿಸಿಕೊಳ್ಳಿ ಎನ್ನುತ್ತಾರೆ. ಹಾಕಿಸಬೇಕೇ?

ಉತ್ತರ: ಸದ್ಯಕ್ಕೆ ಬೇಡ. ನಿಮ್ಮ ತೊಂದರೆ ವೇಗದ್ದಲ್ಲ, ಸಂಖ್ಯೆಯದು. ಹೊಳೆಬಾಗಿಲಿನ ಲಾಂಚ್ ಎಷ್ಟೇ ಬೇಗ ಹೋದರೂ ಒಂದು ಸಲಕ್ಕೆ ಹಿಡಿಸುವಷ್ಟೇ ಜನರನ್ನು ಹತ್ತಿಸಿಕೊಳ್ಳುತ್ತಿತ್ತು. ವೈಫೈ ಪೆಟ್ಟಿಗೆಯೂ ಹಾಗೆಯೇ. ಪ್ಲಾನ್ ಬದಲಿಸಿದರೆ ಹೊರಗಿನಿಂದ ಬರುವ ಇಂಟರ್ನೆಟ್ ವೇಗ ಹೆಚ್ಚುತ್ತದೆ, ಪೆಟ್ಟಿಗೆ ಒಮ್ಮೆಗೆ ಹಿಡಿದಿಟ್ಟುಕೊಳ್ಳುವ ಸಾಧನಗಳ ಸಂಖ್ಯೆ ಹೆಚ್ಚುವುದಿಲ್ಲ.

ರೂಟರ್‌ನಲ್ಲಿ ರೇಡಿಯೋ ಎರಡಿರುತ್ತವೆ, 2.4 ಗಿಗಾಹರ್ಟ್ಸ್‌ನದು ಒಂದು, 5 ಗಿಗಾಹರ್ಟ್ಸ್‌ನದು ಇನ್ನೊಂದು. ಅಗ್ಗದ ಬಲ್ಬ್, ಪ್ಲಗ್, ಕ್ಯಾಮೆರಾಗಳಲ್ಲಿ ಬಹುಪಾಲು 2.4ರಲ್ಲಿ ಮಾತ್ರ ಕೆಲಸ ಮಾಡುತ್ತವೆ. 5ರ ಅಲೆ ದಪ್ಪ ಜಂಬಿಟ್ಟಿಗೆ ಗೋಡೆ ದಾಟುವಾಗ ಬೇಗ ಸೊರಗುತ್ತದೆ. ಹಾಗಾಗಿ ಕೋಣೆಯೊಳಗಿನ ಅತಿಥಿಗಳ ಫೋನ್‌ಗಳೂ 2.4ಕ್ಕೇ ಬಂದು ಸೇರುತ್ತವೆ. ಒಂದು ರೇಡಿಯೋಗೆ ಇಷ್ಟೇ ಸಾಧನ ಎಂಬ ಮಿತಿ ಇರುತ್ತದೆ. ಇಂಟರ್ನೆಟ್ ಕಂಪನಿಗಳು ಕೊಡುವ ಅನೇಕ ಪೆಟ್ಟಿಗೆಗಳಲ್ಲಿ ಅದು 32. ಕೆಲವದರಲ್ಲಿ 64, ಕೆಲವದರಲ್ಲಿ 32ಕ್ಕಿಂತ ಕಡಿಮೆ.

ಈಗ ನಿಮ್ಮ ಮನೆಯ ಲೆಕ್ಕ ನೋಡೋಣ. ನೀವು ಬರೆದ ಸಾಧನಗಳೇ 21. ಮನೆಯವರ ನಾಲ್ಕು ಫೋನು, ಒಂದು ಲ್ಯಾಪ್‌ಟಾಪ್ ಇವೆ ಎಂದಿಟ್ಟುಕೊಂಡರೆ 26. ತೋಟದ ಪಂಪಿನ ಮೊಬೈಲ್ ಸ್ಟಾರ್ಟರ್ ಇದ್ದರೆ ಅದು ಸಿಮ್ ಮೇಲೆ ನಡೆಯುವುದರಿಂದ ಲೆಕ್ಕಕ್ಕೆ ಬರುವುದಿಲ್ಲ. ಮೂರು ಕೋಣೆಗೆ ಒಂಬತ್ತು ಜನ ಬಂದು ಫೋನು, ಲ್ಯಾಪ್‌ಟಾಪ್ ಎಲ್ಲ ಸೇರಿ 12 ಸಾಧನ ತಂದರೆ ಒಟ್ಟು 38. ಮಿತಿ 32 ಆಗಿದ್ದರೆ ಆರು ಸಾಧನ ಹೊರಗೆ. ಅದರಲ್ಲಿ ಅಂಗಳದ ಕ್ಯಾಮೆರಾವೇ ಏಕೆ ಮೊದಲು? ಅದು ದೂರದಲ್ಲಿದೆ, ಸಿಗ್ನಲ್ ತೆಳು. ಆಗಾಗ ಸಂಪರ್ಕ ಕಡಿದುಕೊಂಡು ಮತ್ತೆ ಸೇರುವುದು ಅದರ ದಿನಚರಿ. ಉಳಿದ ದಿನ ಕ್ಷಣದಲ್ಲಿ ಮತ್ತೆ ಸೇರುತ್ತದೆ, ಶನಿವಾರ ಮಾತ್ರ ಆ ಜಾಗವನ್ನು ಅಷ್ಟರಲ್ಲಿ ಯಾರದೋ ಫೋನು ಹಿಡಿದಿರುತ್ತದೆ. ಅತಿಥಿಗಳು ಹೊರಟ ಮೇಲೆ ಜಾಗ ಖಾಲಿಯಾಗುತ್ತದೆ, ಕ್ಯಾಮೆರಾ ಬರುತ್ತದೆ.

ಇದು ಊಹೆಯಾಗಿ ಉಳಿಯದಿರಲು ಮುಂದಿನ ಶನಿವಾರ ಒಂದು ಪರೀಕ್ಷೆ ಮಾಡಿ. ತೊಂದರೆ ಇರುವ ಹೊತ್ತಿನಲ್ಲೇ ರೂಟರ್ ಪಕ್ಕದಲ್ಲಿ ನಿಂತು ಅಲ್ಲಿಯವರೆಗೆ ಈ ವೈಫೈಗೆ ಸೇರದ ಒಂದು ಫೋನನ್ನು 2.4ರ ಹೆಸರಿಗೆ ಸೇರಿಸಿ ನೋಡಿ. ಸೇರಲೇ ಇಲ್ಲವೆಂದರೆ ರೇಡಿಯೋ ಭರ್ತಿಯಾಗಿದೆ. `Obtaining IP address` ಎಂದು ತೋರಿಸುತ್ತ ಅಲ್ಲೇ ನಿಂತರೆ ರೂಟರ್ ಹಂಚುವ ವಿಳಾಸಗಳು ಮುಗಿದಿವೆ. ಹೋದ ಅತಿಥಿಯ ವಿಳಾಸವನ್ನು ರೂಟರ್ ಅವಧಿ ಮುಗಿಯುವವರೆಗೆ, ಬಹಳ ಸಲ 24 ಗಂಟೆ, ಕಾದಿಡುತ್ತದೆ. `Lease Time` ಅನ್ನು ಎರಡು ಗಂಟೆಗೆ ಇಳಿಸಿದರೆ ಅದು ಪರಿಹಾರವಾಗುತ್ತದೆ. ಫೋನು ಸೇರಿಕೊಂಡೂ ಎಲ್ಲವೂ ನಿಧಾನವಾಗಿದ್ದರೆ ಮಾತ್ರ ಪ್ಲಾನಿನ ವಿಚಾರ ಯೋಚಿಸಬಹುದು. ಆಗಲೂ ಕ್ಯಾಮೆರಾಗಳು ಕ್ಲೌಡ್‌ಗೆ ಸದಾ ಚಿತ್ರ ಕಳಿಸುತ್ತಿವೆಯೇ ಎಂದು ಮೊದಲು ನೋಡಿ.

ನಿಮ್ಮ ಸಾಧನಗಳ ಎಣಿಕೆಯನ್ನು ಅತಿಥಿಗಳಿಲ್ಲದ ದಿನ ಮಾಡಿ. ಮೊದಲು ಹಾಳೆ ಹಿಡಿದು ಜಗಲಿಯಿಂದ ಕೊಟ್ಟಿಗೆಯವರೆಗೆ ಓಡಾಡಿ, ವೈಫೈ ಇರುವ ಪ್ರತಿಯೊಂದನ್ನೂ ಬರೆದುಕೊಳ್ಳಿ. ಆಮೇಲೆ ಬ್ರೌಸರ್‌ನಲ್ಲಿ `192.168.1.1` ತೆರೆಯಿರಿ. ವಿಳಾಸ ಬೇರೆಯಿದ್ದರೆ ಅದೂ ಪಾಸ್‌ವರ್ಡೂ ಸಾಮಾನ್ಯವಾಗಿ ಪೆಟ್ಟಿಗೆಯ ಹಿಂದಿನ ಚೀಟಿಯಲ್ಲಿರುತ್ತವೆ. ಅಲ್ಲಿ ಎರಡು ಪಟ್ಟಿ ಸಿಗುತ್ತವೆ. ವಿಳಾಸ ಹಂಚಿದ ಪಟ್ಟಿಯಲ್ಲಿ ನಿನ್ನೆ ಹೋದವರೂ ಇರುತ್ತಾರೆ. ಈ ಕ್ಷಣ ವೈಫೈಗೆ ಸೇರಿರುವ ಸಾಧನಗಳ ಪಟ್ಟಿಯೇ ನಿಮಗೆ ಬೇಕಾದದ್ದು.

ಆ ಪಟ್ಟಿಯಲ್ಲಿ ಹೆಸರುಗಳು ಒಗಟಿನಂತಿರುತ್ತವೆ. `ESP_` ಎಂದು ಶುರುವಾಗುವವು ಹೆಚ್ಚಾಗಿ ಬಲ್ಬು, ಪ್ಲಗ್ಗುಗಳು. ಹೆಸರೇ ಇಲ್ಲದವುಗಳ ಮ್ಯಾಕ್ ವಿಳಾಸ ನೋಡಿ. ಅದರ ಎರಡನೆಯ ಅಕ್ಷರ `2`, `6`, `A` ಅಥವಾ `E` ಆಗಿದ್ದರೆ ಅದು ಬಹುತೇಕ ಫೋನು. ಈಚಿನ ಫೋನ್‌ಗಳು ಗುರುತು ಮರೆಸಲು ತಾವೇ ಸೃಷ್ಟಿಸಿಕೊಂಡ ವಿಳಾಸ ಕೊಡುತ್ತವೆ. ಇನ್ನೂ ತಿಳಿಯದಿದ್ದರೆ ಒಂದೊಂದೇ ಸಾಧನದ ಕರೆಂಟ್ ತೆಗೆದು, ಕೆಲವು ನಿಮಿಷ ಬಿಟ್ಟು, ಯಾವ ಸಾಲು ಅಳಿಯಿತು ನೋಡಿ. ಹಾಳೆಯಲ್ಲಿಲ್ಲದ ಸಾಲು ಕೊನೆಗೂ ಉಳಿದರೆ ಪಾಸ್‌ವರ್ಡ್ ಹೊರಗಿನವರಿಗೆ ತಿಳಿದಿದೆ ಎಂದು ಭಾವಿಸಬಹುದು. ಆದರೆ ಪಾಸ್‌ವರ್ಡ್ ಬದಲಿಸಿದರೆ ಪ್ರತಿ ಬಲ್ಬನ್ನೂ ಕ್ಯಾಮೆರಾವನ್ನೂ ಹೊಸದಾಗಿ ಜೋಡಿಸಬೇಕಾಗುತ್ತದೆ. ಅದಕ್ಕೆ ಒಂದು ದಿನದ ಬಿಡುವು ಇಟ್ಟುಕೊಂಡೇ ಕೈಹಾಕಿ.

ಮಿತಿಗೊಳಿಸುವ ಕೆಲಸವನ್ನು ನಿಮ್ಮ ಸಾಧನಗಳಿಂದಲೇ ಆರಂಭಿಸಿ. ಅತಿಥಿ ಕೋಣೆಗಳ ಸ್ಮಾರ್ಟ್ ಬಲ್ಬ್‌ಗಳನ್ನು ತೆಗೆದು ಸಾದಾ ಬಲ್ಬ್ ಹಾಕಿ. ಬಂದವರು ಗೋಡೆಯ ಸ್ವಿಚ್ ಆರಿಸಿದ ಕೂಡಲೇ ಅವು ಹೇಗೂ ಸ್ಮಾರ್ಟ್ ಆಗಿ ಉಳಿಯುವುದಿಲ್ಲ. ಕೋಣೆಗೆ ಎರಡರಂತೆ ಆರು ಹೋದವು. ಸೂರಿನಡಿಯ ಕ್ಯಾಮೆರಾಗಳಿಗೆ ಲ್ಯಾನ್ ಕಿಂಡಿ ಇದ್ದರೆ ಕೇಬಲ್ ಎಳೆಯಿರಿ. ಅಂಥ ನಾಲ್ಕು ಇದ್ದರೆ ಅವೂ ವೈಫೈ ಲೆಕ್ಕದಿಂದ ಹೊರಗೆ. 26 ಇದ್ದದ್ದು 16 ಆಯಿತು. ಅತಿಥಿಗಳ 12 ಸೇರಿದರೂ 28, ಮಿತಿಯೊಳಗೆ. ಮನೆಯವರ ಫೋನ್‌ಗಳನ್ನು ಜಗಲಿಯ ಹತ್ತಿರ 5ಕ್ಕೆ ಸೇರಿಸಿದರೆ ಇನ್ನಷ್ಟು ಬಿಡುವು.

ಅಂಗಳದ ಕ್ಯಾಮೆರಾಕ್ಕೆ ಮಾತ್ರ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. ಮಳೆಗಾಲಕ್ಕೆ ಮುಂಚಿನ ಗುಡುಗು-ಸಿಡಿಲಿನ ದಿನಗಳಲ್ಲಿ ಹೊರಗೆ ಹಾಯುವ ತಂತಿ ಸಿಡಿಲಿನ ಹೊಡೆತವನ್ನು ಒಳಗಿನ ರೂಟರ್‌ವರೆಗೆ ತರಬಲ್ಲದು. ತಂತಿ ಬೇಕೇಬೇಕಿದ್ದರೆ ಲೋಹವಿಲ್ಲದ ಫೈಬರ್ ಎಳೆಸಿ, ಇಲ್ಲವೇ ಅದನ್ನು ವೈಫೈಯಲ್ಲೇ ಬಿಡಿ.

ಕೊನೆಯದಾಗಿ, ಅತಿಥಿಗಳಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡಿನ ಗೆಸ್ಟ್ ವೈಫೈ ಮಾಡಿ. ರೂಟರ್‌ನಲ್ಲಿ ಆ ಹೆಸರಿಗೆ ಗರಿಷ್ಠ ಸಾಧನ ಎಷ್ಟು ಎಂದು ತುಂಬುವ ಜಾಗವಿದ್ದರೆ 14 ಎಂದು ಹಾಕಿ. ಆಗ ಎಷ್ಟೇ ಜನ ಬಂದರೂ ಒಟ್ಟು 30 ದಾಟುವುದಿಲ್ಲ, ಅಂಗಳದ ಕ್ಯಾಮೆರಾ ಮರಳಿ ಬರಲು ಜಾಗ ಇದ್ದೇ ಇರುತ್ತದೆ. ಗೆಸ್ಟ್ ಹೆಸರು ಮಾಡಿದ ಮಾತ್ರಕ್ಕೆ ಜಾಗ ಹೆಚ್ಚುವುದಿಲ್ಲ ಎಂಬುದು ನೆನಪಿರಲಿ, ಎರಡೂ ಹೆಸರು ಒಂದೇ ರೇಡಿಯೋದ ಮೇಲೆ ನಡೆಯುತ್ತವೆ. ಮಿತಿ ತುಂಬುವ ಜಾಗ ನಿಮ್ಮ ಪೆಟ್ಟಿಗೆಯಲ್ಲಿ ಇಲ್ಲದಿದ್ದರೆ ಅತಿಥಿ ಕೋಣೆಗಳ ಕಡೆಗೆ ಎರಡನೆಯ ವೈಫೈ ಪೆಟ್ಟಿಗೆಯನ್ನು ಕೇಬಲ್ ಮೂಲಕ ಇಡಿ. ಮೊದಲನೆಯದು 1ನೇ ಚಾನೆಲ್‌ನಲ್ಲಿದ್ದರೆ ಇದನ್ನು 6 ಅಥವಾ 11ಕ್ಕೆ ಹಾಕಿ, ಇಲ್ಲದಿದ್ದರೆ ಎರಡೂ ಒಂದನ್ನೊಂದು ಕಾಯುತ್ತ ಕೂರುತ್ತವೆ. ಹಣ ಖರ್ಚು ಮಾಡುವುದಾದರೆ ದುಬಾರಿ ಪ್ಲಾನಿಗಿಂತ ಈ ಪೆಟ್ಟಿಗೆಗೇ ಮಾಡಿ.